ಮೂರನೇ ಗುಂಪಿನ ಅಪ್ಪ

ಇಲಿಗೆ ಈಜಲು ಯಾರೂ ಕಲಿಸಬೇಕಾಗಿಲ್ಲ. ದೇವರು ಹುಟ್ಟಿಸುವಾಗಲೇ ಅದನ್ನು ಕಲಿಸಿ ಕಳುಹಿಸಿರುತ್ತಾನೆ. ಆದರೆ ನೀರಿನಲ್ಲಿರುವುದು ಅದಕ್ಕೆ ಇಷ್ಟವಿಲ್ಲ. ಆದಷ್ಟು ಬೇಗ ಎಲ್ಲಾದರೂ ಕಾಲೂರಿ ನಿಂತು ಮೀಸೆ ಕೊಡವಿಕೊಳ್ಳಬೇಕು ಎಂಬುದೇ ಅದರ ಆಸೆ. ಔಷಧವಿಜ್ಞಾನ ವಿಭಾಗದ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಸಂಶೋಧನೆಯೆಲ್ಲ ಈ ಒಂದು ಆಸೆಯನ್ನೇ ನಂಬಿಕೊಂಡಿತ್ತು.

ಕೋಣೆಯ ನಡುವೆ ಒಂದು ದೊಡ್ಡ ದುಂಡು ತೊಟ್ಟಿ. ಅದರ ನೀರಿಗೆ ಹಾಲಿನ ಪುಡಿ ಕಲಸಿ ಮಬ್ಬು ಮಾಡಿದ್ದರು. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಒಂದು ಸಣ್ಣ ಮಣೆ. ಸುತ್ತಲಿನ ಗೋಡೆಗಳ ಮೇಲೆ ಕಪ್ಪು ತ್ರಿಕೋನ, ಪಟ್ಟೆಪಟ್ಟೆಯ ಚೌಕ, ದೊಡ್ಡ ಚುಕ್ಕಿ. ನೀರಿಗೆ ಬಿಟ್ಟ ಇಲಿ ಮೊದಲು ದಿಕ್ಕೆಟ್ಟು ಈಜಾಡಿ ಹೇಗೋ ಮಣೆಯನ್ನು ಮುಟ್ಟುತ್ತದೆ. ದಿನ ಕಳೆದಂತೆ ತ್ರಿಕೋನ ಎಡಕ್ಕಿದೆ, ಚುಕ್ಕಿ ಎದುರಿಗಿದೆ, ಹಾಗಾದರೆ ಮಣೆ ಅಲ್ಲಿ ಎಂದು ಲೆಕ್ಕ ಹಾಕಿ ನೇರವಾಗಿ ಹೋಗಿ ಹತ್ತಿ ಕೂಡುತ್ತದೆ. ಜಾಗದ ನೆನಪೆಂದರೆ ಇದೇ.

ಪುಟ್ಟಿ ಈ ವಿಭಾಗದಲ್ಲಿ ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡುತ್ತಿದ್ದಳು. ಪುಟ್ಟಿ ಎಂದು ಅವಳನ್ನು ಕರೆಯುತ್ತಿದ್ದುದು ಅವಳ ತಂದೆ. ಆದರೆ ಅವರು ಒಮ್ಮೆ ಊಟದ ಡಬ್ಬ ಕೊಡಲು ಬಂದು ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿ ಕೂಗಿದ ಮೇಲೆ ಇಡೀ ವಿಭಾಗಕ್ಕೇ ಅವಳು ಪುಟ್ಟಿಯಾಗಿಬಿಟ್ಟಳು. ವಿಭಾಗದ ಮುಖ್ಯಸ್ಥೆಯೂ ಅವಳ ಮಾರ್ಗದರ್ಶಕಿಯೂ ಆದ ಮೇಡಂ ಸಹ, ಸಿಟ್ಟು ಬಂದಾಗ ಮಾತ್ರ, "ಏನಮ್ಮ ಪುಟ್ಟಿ" ಎನ್ನುತ್ತಿದ್ದರು.

ಪುಟ್ಟಿಯ ವಿಷಯ ಬ್ರಾಹ್ಮಿ. ನೀರಿನ ಬದಿಯಲ್ಲಿ ಹರಡಿಕೊಂಡು ಬೆಳೆಯುವ, ದಪ್ಪ ಪುಟ್ಟ ಎಲೆಯ ಗಿಡ. ಅದರೊಳಗೆ ಬ್ಯಾಕೊಸೈಡ್ ಎಂಬ ವಸ್ತುಗಳಿವೆ. ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವ ವಸ್ತುಗಳ ಕುಲಕ್ಕೇ ಸೇರಿದವು ಇವು. ರಸವನ್ನು ಸೀಸೆಯಲ್ಲಿ ಹಾಕಿ ಅಲುಗಿಸಿದರೆ ನೊರೆಯೇಳುತ್ತದೆ. ನೆನಪಿಗೆ ಬ್ರಾಹ್ಮಿ ಒಳ್ಳೆಯದು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಒಳ್ಳೆಯದಾದರೆ ಅದು ಹೇಗೆ, ಯಾವ ದಾರಿಯಿಂದ ಎಂಬುದನ್ನು ಇಲಿಗಳಲ್ಲಿ ನೋಡುವುದು ಪುಟ್ಟಿಯ ಕೆಲಸ.

ತಂದೆ ನಿವೃತ್ತ ಪೋಸ್ಟ್‌ಮ್ಯಾನ್. ಅವರಿಗೆ ಇದನ್ನೆಲ್ಲ ವಿವರಿಸುವ ಕೆಲಸ ರಾತ್ರಿಯ ಊಟದ ಹೊತ್ತಿಗೆ ನಡೆಯುತ್ತಿತ್ತು.

"ನಾಲ್ಕು ಗುಂಪು ಮಾಡಿದೀವಿ ಅಪ್ಪ. ಮೊದಲನೇ ಗುಂಪಿಗೆ ಏನೂ ಇಲ್ಲ, ಬರೀ ನೀರು. ಎರಡನೇದಕ್ಕೆ ಸ್ಕೊಪೊಲಮಿನ್ ಅಂತ ಒಂದು ಮದ್ದು ಚುಚ್ತೀವಿ. ಅದು ಮರೆವು ಬರಿಸುತ್ತೆ."

"ಬೇಕು ಬೇಕಂತಲೇ ಮರೆವು ಬರಿಸ್ತೀರಾ? ದೇವರು ಮೆಚ್ಚೋ ಕೆಲಸವೇನಮ್ಮ ಇದು?"

"ಸ್ವಲ್ಪ ಹೊತ್ತಿಗೆ ಅಷ್ಟೇ. ಮೂರನೇ ಗುಂಪಿಗೆ ಮೊದಲು ವಾರಗಟ್ಟಲೆ ದಿನಾ ಬ್ರಾಹ್ಮಿ ಕುಡಿಸಿ, ಆಮೇಲೆ ಅದೇ ಮದ್ದು ಚುಚ್ತೀವಿ. ಬ್ರಾಹ್ಮಿ ಮರೆವನ್ನ ತಡೆಯುತ್ತೋ ಇಲ್ವೋ ನೋಡೋಕೆ. ನಾಲ್ಕನೇದಕ್ಕೆ ಬ್ರಾಹ್ಮಿ ಬದಲು ಆಸ್ಪತ್ರೇಲಿ ಕೊಡೋ ಮರೆವಿನ ಔಷಧ."

"ಅಂದ್ರೆ ಮೂರನೇ ಗುಂಪಿನ ಪಾಡು, ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳೋದು."

"ಹೂಂ, ಹಾಗೇ ಅಂದ್ಕೊಳ್ಳಿ."

"ಪಾಪ," ಎಂದು ಅಪ್ಪ ನೀರು ಕುಡಿದರು. ಈಚೆಗೆ ಅವರ ಕೈಯಲ್ಲಿ ಸದಾ ಒಂದು ನೀರಿನ ಲೋಟವಿರುತ್ತಿತ್ತು. ಬಾಯಿ ಒಣಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ ಎನ್ನುತ್ತಿದ್ದರು. ಪುಟ್ಟಿ ಸೆಖೆ ಎಂದುಕೊಂಡಿದ್ದಳು.

ಅವಳ ತಾಯಿ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅಂದಿನಿಂದ ಅಪ್ಪನ ನೆನಪು ಒಂದೊಂದಾಗಿ ಸಡಿಲವಾಗುತ್ತಿತ್ತು. ಮನೆಮನೆಯ ವಿಳಾಸವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮನುಷ್ಯ ಈಗ ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಅಂಗಡಿಗೆ ಹೋಗಿ ಏಕೆ ಬಂದೆನೆಂದು ಅಂಗಡಿಯವನನ್ನೇ ಕೇಳುತ್ತಿದ್ದರು. ದುಃಖ, ವಯಸ್ಸು ಎಂದು ಎಲ್ಲರೂ ಹೇಳಿದರು. ಅವರೂ ಒಪ್ಪಿಕೊಂಡಿದ್ದರು. ಕನ್ನಡಕ ಹೋದರೆ ಹೋಗಲಿ, ಅವರಿಗೆ ಅದರ ಚಿಂತೆ ಇರಲಿಲ್ಲ. ಚಿಂತೆಯಿದ್ದದ್ದು ಹಾಡಿನದು.

ಅಮ್ಮ ಪ್ರತಿದಿನ ಬೆಳಗಾಗುವ ಮೊದಲು ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಒಂದು ಪ್ರಾರ್ಥನೆ ಹಾಡುತ್ತಿದ್ದಳು. ಅವಳ ಅಜ್ಜಿಯ ಬಾಯಿಂದ ಬಂದದ್ದು. ಯಾವ ಪುಸ್ತಕದಲ್ಲಿಯೂ ಇಲ್ಲ. ಈಗ ಅಪ್ಪ ದೇವರ ಪಟದ ಮುಂದೆ ಕೂತು ಅದನ್ನು ತಾವೇ ಹಾಡುತ್ತಿದ್ದರು. ಮೊದಲ ನಾಲ್ಕು ಸಾಲು ಸರಾಗವಾಗಿ ಬರುತ್ತಿತ್ತು. "ನಿನ್ನ ಬೆಳಕಲಿ ನನ್ನ ಬಾಗಿಲು" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಮುಂದೆ ಏನೂ ಇಲ್ಲ. ಬರೀ ಬಿಳೀ ಗೋಡೆ.

"ನಿನಗೆ ಬರುತ್ತೇನಮ್ಮ ಮುಂದಿನದು?"

"ನಾನು ಆ ಹೊತ್ತಿಗೆ ಎದ್ದಿದ್ದು ಯಾವತ್ತು ಅಪ್ಪ?"

"ಅದೂ ನಿಜ. ಸೂರ್ಯ ನೆತ್ತಿಗೆ ಬಂದ ಮೇಲೆ ಏಳೋಳು ನೀನು," ಎಂದು ನಗಾಡಿ, ಆಮೇಲೆ ದನಿ ತಗ್ಗಿಸಿ ಹೇಳಿದರು: "ಅವಳು ಹೋದಳು, ಅದು ದೇವರ ಇಚ್ಛೆ, ನಾನು ಎದುರು ಮಾತಾಡಲಿಲ್ಲ. ಆದ್ರೆ ಅವಳ ಹಾಡೂ ಅರ್ಧಕ್ಕೆ ಹೋದ್ರೆ ಹೆಂಗಮ್ಮ? ಇವತ್ತು ಅರ್ಧ, ನಾಳೆ ಪೂರ್ತಿ. ನಿನ್ನ ಬ್ರಾಹ್ಮಿ ಸ್ವಲ್ಪ ತಂದ್ಕೊಡು."

"ಇಲಿಗಳ ಕೆಲಸ ಮುಗೀಲಿ, ತಾಳಿ."

"ಇಲಿಗಳದ್ದು ಮುಗಿಯೋ ಹೊತ್ತಿಗೆ ನನ್ನದು ಮುಗಿದಿರುತ್ತೆ ಕಣೇ."

*

ಪರೀಕ್ಷೆಯ ದಿನ ಬಂತು. ಯಾವ ಇಲಿ ಯಾವ ಗುಂಪಿನದೆಂದು ನೋಡುವವರಿಗೆ ತಿಳಿಯಬಾರದು ಎಂಬ ನಿಯಮವಿದ್ದುದರಿಂದ ಗುರುತುಗಳನ್ನು ಮೇಡಂ ತಮ್ಮ ಬಳಿ ಇಟ್ಟುಕೊಂಡಿದ್ದರು. ಆದರೂ ಒಂದು ಇಲಿ ನೀರಿಗಿಳಿದೊಡನೆ ಪುಟ್ಟಿಗೆ ಅನುಮಾನವಾಯಿತು. ಅದು ತೊಟ್ಟಿಯ ಅಂಚಿಗೆ ಅಂಟಿಕೊಂಡು ಸುತ್ತು ಹಾಕತೊಡಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಗೋಡೆ ಬಿಟ್ಟು ನಡುವಿಗೆ ಬರಲು ಅದಕ್ಕೆ ಧೈರ್ಯವಿಲ್ಲ. ನಿನ್ನೆಯವರೆಗೆ ಬಾಣದಂತೆ ಹೋಗಿ ಮಣೆಯೇರುತ್ತಿದ್ದ ಇಲಿ ಅದೇ.

"ಎರಡನೇ ಗುಂಪು ಅನ್ಸುತ್ತೆ ಮೇಡಂ."

"ನಿನಗೆ ಏನನ್ಸುತ್ತೆ ಅಂತ ತೊಟ್ಟಿ ಮೇಲಿರೋ ಕ್ಯಾಮೆರಾ ಕೇಳಲ್ಲ. ಸುಮ್ಮನೆ ನೋಡು."

ಸಮಯ ಮುಗಿದಾಗ ಪುಟ್ಟಿ ಇಲಿಯನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ಬೆಚ್ಚಗಿನ ಪಂಜರಕ್ಕೆ ಬಿಟ್ಟಳು. ಅದು ಬಾಯಾಡಿಸುತ್ತ ನೇರವಾಗಿ ನೀರಿನ ನಳಿಗೆಯ ಕಡೆಗೆ ನಡೆಯಿತು.

"ಬಾಯಿ ಒಣಗಿದೆ ಇದಕ್ಕೆ," ಎಂದಳು ಪುಟ್ಟಿ.

"ಒಣಗದೆ ಏನು? ಅಸಿಟೈಲ್‌ಕೋಲಿನ್ ಏನು, ನೆನಪಿಗೋಸ್ಕರ ಮಿದುಳಿನಲ್ಲಿ ಮಾತ್ರ ಕೆಲಸ ಮಾಡುತ್ತಾ? ಜೊಲ್ಲು ಬರಿಸೋದೂ ಅದೇ, ಕರುಳು ಓಡಿಸೋದೂ ಅದೇ. ಸ್ಕೊಪೊಲಮಿನ್ ಹೋಗಿ ಅದರ ಜಾಗದಲ್ಲಿ ಕೂತ್ಕೊಂಡ್ರೆ ಎಲ್ಲಾ ಕಡೆನೂ ಕೆಲಸ ನಿಲ್ಲುತ್ತೆ." ಮೇಡಂ ಮುಂದಿನ ಪಂಜರ ಎತ್ತಿಕೊಂಡರು. "ಇದು ಮೊದಲನೇ ವರ್ಷದ ಪಾಠ. ಬೆಳಗ್ಗೆ ತಿಂಡಿ ತಿಂದಿದೀಯಾ?"

ಚಹದ ಹೊತ್ತಿಗೆ ಪುಟ್ಟಿ ಧೈರ್ಯ ಮಾಡಿದಳು.

"ಮೇಡಂ, ನಮ್ಮ ಬ್ರಾಹ್ಮಿ ಸಾರ ಸ್ವಲ್ಪ ಉಳಿದಿದೆ. ನಮ್ಮ ತಂದೆಗೆ ಮರೆವು ಜಾಸ್ತಿ ಆಗಿದೆ. ಅವರಿಗೆ..."

"ನಿಮ್ಮ ತಂದೆಗೆ ಬಾಲ ಇದೆಯಾ?"

"ಇಲ್ಲ ಮೇಡಂ."

"ಹಾಗಾದ್ರೆ ನಮ್ಮ ಡಬ್ಬದಿಂದ ಒಂದು ಚಿಟಿಕೆನೂ ಹೊರಗೆ ಹೋಗಬಾರದು. ಇಲಿಗೆ ಮಾಡಿದ್ದು ಇಲಿಗೆ." ಮೇಡಂ ಚಹ ಕೆಳಗಿಟ್ಟು ಸ್ವಲ್ಪ ಮೆತ್ತಗಾದರು. "ಮನುಷ್ಯರಲ್ಲೂ ಒಂದಿಷ್ಟು ಜನ ನೋಡಿದಾರೆ. ಕೆಲವರಿಗೆ ಸ್ವಲ್ಪ ಅನುಕೂಲ ಅಂತಾರೆ, ಅದೂ ತಿಂಗಳುಗಟ್ಟಲೆ ತಗೊಂಡ ಮೇಲೆ. ಮಂತ್ರ ಹಾಕಿದ ಹಾಗೆ ಆಗಲ್ಲ. ಅದಿರಲಿ, ಬೇರೆ ಏನೇನು ಮಾತ್ರೆ ತಗೋತಾರೆ ಅವರು?"

ಪುಟ್ಟಿ ಬೆರಳು ಮಡಿಚಿ ಎಣಿಸತೊಡಗಿದಳು.

"ಬಿಪಿಗೆ ಒಂದು... ಇನ್ನೊಂದು ಯಾವುದೋ ಇದೆ ಮೇಡಂ."

"ಯಾವುದೋ! ಏನಮ್ಮ ಪುಟ್ಟಿ, ಇಲ್ಲಿರೋ ಒಂದೊಂದು ಇಲೀದೂ ತೂಕ, ಊಟ, ಈಜಿದ ಹೊತ್ತು ಎಲ್ಲಾ ನಿದ್ದೇಲಿ ಎಬ್ಬಿಸಿದರೂ ಹೇಳ್ತೀಯ. ಅಪ್ಪನ ವಿಷಯಕ್ಕೆ ಯಾವುದೋನಾ? ಮನೆಗೆ ಹೋಗಿ ಮೊದಲು ಅದು ನೋಡು."

*

ಪುಟ್ಟಿ ಮನೆಗೆ ಬಂದಾಗ ಅಪ್ಪ ಕನ್ನಡಕ ಹುಡುಕುತ್ತಿದ್ದರು. ಒಂದು ಕೈಯಿಂದ ಗೋಡೆ ಸವರುತ್ತ, ಕಪಾಟು, ಕಿಟಕಿ, ಬಾಗಿಲು ಎಂದು ಅಂಚಿನಲ್ಲಿಯೇ ಸುತ್ತು ಬರುತ್ತಿದ್ದರು. ಒಂದು ಸುತ್ತು, ಇನ್ನೊಂದು ಸುತ್ತು. ಕನ್ನಡಕ ಕೋಣೆಯ ನಡುವಿನ ಮೇಜಿನ ಮೇಲೆ ಮಡಿಚಿಕೊಂಡು ಕೂತಿತ್ತು. ಮೂರನೆಯ ಸುತ್ತಿಗೆ ಅಪ್ಪ ನಿಂತು, ಬಾಯಾಡಿಸಿ, ನೀರಿನ ಲೋಟ ಎತ್ತಿಕೊಂಡರು.

ಪುಟ್ಟಿ ಚಪ್ಪಲಿ ಬಿಡುವುದನ್ನೂ ಮರೆತು ನೋಡುತ್ತ ನಿಂತಳು. ಆಮೇಲೆ ಕನ್ನಡಕ ಎತ್ತಿ ಅವರ ಕೈಗಿಟ್ಟಳು.

"ಅಪ್ಪ, ನಿಮ್ಮ ಮಾತ್ರೆ ಡಬ್ಬ ಎಲ್ಲಿ?"

"ಯಾಕಮ್ಮ, ತಲೆನೋವಾ? ಅಲ್ಲೇ ಬಿಸ್ಕತ್ ಡಬ್ಬದಲ್ಲಿದೆ."

ಡಬ್ಬದಲ್ಲಿ ಮೂರು ಇದ್ದವು. ಒಂದು ಬಿಪಿಯದು. ಎರಡನೆಯದು ಕ್ಯಾಪ್ಸೂಲುಗಳ ಹೊಸ ಸೀಸೆ, ಮೇಲೆ ಹಸಿರು ಎಲೆಯ ಚಿತ್ರ: ಬ್ರಾಹ್ಮಿ.

"ಇದೇನಪ್ಪಾ ಇದು?"

ಅಪ್ಪ ಸಿಕ್ಕಿಬಿದ್ದ ಹುಡುಗನಂತೆ ಕನ್ನಡಕ ಒರೆಸತೊಡಗಿದರು. "ಅದಾ? ಅಂಗಡೀಲಿತ್ತು. ಮಗಳು ಇಲಿಗೆ ಕೊಡ್ತಾಳೆ, ಅಪ್ಪನಿಗೆ ಕೊಡಲ್ಲ. ನಾನೇನು ಇಲಿಗಿಂತ ಕಡೆನಾ?"

ಮೂರನೆಯದು ಸಣ್ಣ ಬಿಳಿಯ ಮಾತ್ರೆ. ಪುಟ್ಟಿ ಪಟ್ಟಿಯನ್ನು ತಿರುಗಿಸಿ ಬೆನ್ನಿನ ಮೇಲಿದ್ದ ಹೆಸರು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಕುರ್ಚಿಯ ಮೇಲೆ ಕೂತಳು.

"ಇದು ಯಾವಾಗಿಂದ?"

"ಅದು ಮೂತ್ರದ್ದು ಕಣಮ್ಮ. ಅಮ್ಮ ಹೋದ ಮೇಲೆ ರಾತ್ರಿ ಪದೇ ಪದೇ ಏಳೋ ಹಾಗಾಯ್ತಲ್ಲ, ಆಗ ಡಾಕ್ಟರು ಕೊಟ್ಟಿದ್ದು. ಒಳ್ಳೇ ಮಾತ್ರೆ. ಈಗ ಏಳೋದೇ ಇಲ್ಲ."

"ಬಾಯಿ ಒಣಗೋಕೆ ಶುರುವಾಗಿದ್ದು?"

"ಅದೂ... ಹೂಂ, ಆಗಲೇ. ಹೊಟ್ಟೆ ಕಟ್ಟೋದೂ ಆಗಲೇ. ದುಃಖಕ್ಕೆ ಬಾಯಿ ಒಣಗಲ್ವೇನೆ?"

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಅಪ್ಪ, ನಾವು ಇಲಿಗಳಿಗೆ ಚುಚ್ಚೋ ಸ್ಕೊಪೊಲಮಿನ್ ಇದೆಯಲ್ಲ, ಈ ಮಾತ್ರೆ ಅದರ ನೆಂಟ. ದೂರದ ನೆಂಟನೂ ಅಲ್ಲ, ಮನೆಗೆ ಹೇಳದೆ ಕೇಳದೆ ಬರೋ ಅಷ್ಟು ಹತ್ತಿರದೋನು."

"ಅಂದ್ರೆ?"

"ಅಂದ್ರೆ... ನೋಡಿ, ನೀವು ಪತ್ರ ಹಂಚ್ತಿದ್ರಿ. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಹಾಗೇ ಪತ್ರ ಹಾಕುತ್ತೆ. ನೆನಪಿಗೆ ಬೇಕಾಗೋ ಅಂಥ ಒಂದು ಪತ್ರ ಅಸಿಟೈಲ್‌ಕೋಲಿನ್. ಓದಿ ಆದ ಮೇಲೆ ಅದನ್ನ ಹರಿದು ಹಾಕೋಕೆ ಅಲ್ಲೇ ಒಂದು ಕಿಣ್ವ ಕಾಯ್ತಿರುತ್ತೆ."

"ಸರಿಯಪ್ಪ, ಓದಿದ ಪತ್ರ ಗುಡ್ಡೆ ಬೀಳಬಾರದಲ್ಲ."

"ಹಾಂ. ಬ್ರಾಹ್ಮಿ ಆ ಹರಿಯೋ ಕೈನ ಸ್ವಲ್ಪ ತಡೆಯುತ್ತೆ ಅಂತ ಇಲಿಗಳಲ್ಲಿ ಕಂಡಿದೆ. ಆಗ ಪತ್ರ ಹೆಚ್ಚು ಹೊತ್ತು ಉಳಿಯುತ್ತೆ. ಅದು ಒಂದು ದಾರಿ. ಇನ್ನೊಂದು, ಮಿದುಳು ತುಂಬಾ ಆಮ್ಲಜನಕ ಉಣ್ಣುತ್ತೆ, ಜೊತೆಗೆ ಅದರಲ್ಲಿ ಕೊಬ್ಬು ಜಾಸ್ತಿ. ಹಳೇ ಎಣ್ಣೆ ಕಮಟು ಹಿಡಿಯಲ್ವಾ, ಹಾಗೆ ಕೋಶಗಳ ಗೋಡೆ ಕೆಡುತ್ತೆ. ಬ್ರಾಹ್ಮಿ ಕೊಟ್ಟಾಗ ಆ ಕೆಡೋದು ಕಡಿಮೆ, ಅದನ್ನ ತಡೆಯೋ ಮೈಯೊಳಗಿನ ಕಾವಲು ಜಾಸ್ತಿ. ಇದಿಷ್ಟೂ ಇಲಿ ಸಮಾಚಾರ."

"ಒಳ್ಳೇದೇ ಆಯ್ತಲ್ಲ. ಈ ಮಾತ್ರೆ ಏನ್ ಮಾಡುತ್ತೆ?"

"ಪತ್ರ ಹರಿಯಲ್ಲ, ಕದಿಯಲ್ಲ. ಪತ್ರದ ಡಬ್ಬಕ್ಕೆ ಒಂದು ಬಾಯಿ ಇರುತ್ತಲ್ಲ, ಅಲ್ಲಿ ಬಟ್ಟೆ ತುರುಕಿ ಕೂತ್ಕೊಳ್ಳುತ್ತೆ. ಮೂತ್ರಕೋಶದ ಡಬ್ಬಕ್ಕೆ ಅಂತ ಕಳಿಸಿದ್ದು. ಆದ್ರೆ ಇದು ಮಿದುಳಿನೊಳಕ್ಕೂ ನುಗ್ಗೋ ಜಾತಿ. ವಯಸ್ಸಾದವರಿಗೆ ಇದರಿಂದ ಮಂಕು ಕವಿಯಬಹುದು ಅಂತ ನಮ್ಮ ಪುಸ್ತಕದಲ್ಲೇ ಇದೆ. ನಾನೇ ಓದಿ ಪರೀಕ್ಷೆ ಬರೆದಿದೀನಿ."

ಅಪ್ಪ ಬ್ರಾಹ್ಮಿಯ ಸೀಸೆಯನ್ನೊಮ್ಮೆ, ಬಿಳಿಯ ಮಾತ್ರೆಯನ್ನೊಮ್ಮೆ ನೋಡಿದರು.

"ಅಂದ್ರೆ ನಾನು ದಿನಾ ಬೆಳಗ್ಗೆ ಬ್ರಾಹ್ಮಿ ನುಂಗಿ, ಸಾಯಂಕಾಲ ಇದನ್ನ ನುಂಗಿ..."

"ಹೂಂ."

"ನಾನು ಮೂರನೇ ಗುಂಪು!"

"ಯಾವ ನೀತಿ ಸಮಿತಿ ಒಪ್ಪಿಗೆನೂ ಇಲ್ಲದೆ," ಎಂದಳು ಪುಟ್ಟಿ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ನಡುವೆ ಬಾಯಿ ಒಣಗಿ ಕೆಮ್ಮಿದರು. ಪುಟ್ಟಿ ನೀರು ಕೊಟ್ಟಳು. ಇಷ್ಟು ತಿಂಗಳಿಂದ ಅದೇ ಲೋಟವನ್ನು ತುಂಬಿ ಕೊಟ್ಟ ಕೈ ತನ್ನದು ಎಂದು ನೆನೆದು ಅವಳ ನಗು ನಿಂತಿತು.

"ಬಿಡು," ಎಂದರು ಅಪ್ಪ. "ಕಣ್ಣಿಗೆ ತೀರಾ ಹತ್ತಿರ ಹಿಡಿದ ಕಾಗದ ಓದೋಕೆ ಬರಲ್ಲ. ಈಗ ಇದನ್ನ ಕಿಟಕಿಯಿಂದ ಎಸೀಲಾ?"

"ಎಸೀಬೇಡಿ! ನಾವಾಗೇ ನಿಲ್ಲಿಸೋದು ಬೇಡ. ನಾಳೆ ಡಾಕ್ಟರ ಹತ್ರ ಹೋಗೋಣ."

*

ಡಾಕ್ಟರು ಮರುದಿನ ಮಾತ್ರೆಯ ಪಟ್ಟಿ ನೋಡಿ, ಅಪ್ಪನನ್ನು ನೋಡಿ, ಕುತ್ತಿಗೆ ತುರಿಸಿಕೊಂಡರು. ನಾಡಿ ನೋಡಿದರು, ರಕ್ತಪರೀಕ್ಷೆ ಬರೆದರು. "ಇದನ್ನ ಬದಲಾಯಿಸೋಣ. ಬೇರೆ ದಾರಿಯಲ್ಲಿ ಕೆಲಸ ಮಾಡೋ ಮಾತ್ರೆ ಇದೆ, ನಿಮ್ಮ ಬಿಪಿ ಮೇಲೆ ಒಂದು ಕಣ್ಣಿಟ್ಟು ಕೊಡ್ತೀನಿ," ಎಂದರು. "ಬ್ರಾಹ್ಮಿನೂ ಸದ್ಯಕ್ಕೆ ಬೇಡ. ಅದು ಕೆಲವರಲ್ಲಿ ಹೊಟ್ಟೆ ಕೆಡಿಸುತ್ತೆ. ಅಲ್ಲದೆ ಎರಡನ್ನೂ ಕಲಸಿಕೊಂಡ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ."

"ಡಾಕ್ಟ್ರೇ, ಹಾಡು ವಾಪಸ್ ಬರುತ್ತಾ?" ಎಂದು ಅಪ್ಪ ಕೇಳಿದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಪುಟ್ಟಿ ವಿವರಿಸಿದಳು.

"ಹೇಳೋಕಾಗಲ್ಲ ಯಜಮಾನರೇ," ಎಂದರು ಅವರು. "ಮಂಕು ಮಾತ್ರೆಯದ್ದಾದರೆ ಹೋಗಬಹುದು. ಉಳಿದದ್ದು ದೇವರಿಗೆ ಬಿಟ್ಟಿದ್ದು."

"ಅವನಿಗೆ ಬಿಟ್ಟಿದ್ದಾದ್ರೆ ಚಿಂತೆ ಇಲ್ಲ," ಎಂದು ಅಪ್ಪ ಎದ್ದರು. "ಅವನ ಹತ್ರ ಮಾತಾಡ್ತಾನೇ ಇದೀನಿ."

ಇತ್ತ ವಿಭಾಗದಲ್ಲಿ ಇಲಿಗಳ ಕೆಲಸ ಕೊನೆಗೆ ಬಂತು. ಆ ಪ್ರಾಣಿಗಳ ಜೀವ ತೆಗೆದು, ಮಿದುಳಿನಲ್ಲಿ ನೆನಪು ನೋಡಿಕೊಳ್ಳುವ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಪರೀಕ್ಷಿಸಬೇಕಾದ ದಿನ ಪುಟ್ಟಿ ಎಂದಿನಂತೆ ಒಂದು ಕ್ಷಣ ಕಣ್ಣು ಮುಚ್ಚಿ ಕೈಮುಗಿದಳು. ಇದನ್ನು ಅಪ್ಪ ಹೇಳಿಕೊಟ್ಟಿದ್ದರು. ಮೇಡಂ ಕಂಡೂ ಕಾಣದಂತೆ ಇರುತ್ತಿದ್ದರು.

ಗುರುತುಗಳನ್ನು ಬಿಚ್ಚಿದಾಗ ಫಲಿತಾಂಶ ಚೆನ್ನಾಗಿಯೇ ಬಂದಿತ್ತು. ಬ್ರಾಹ್ಮಿ ಕುಡಿದಿದ್ದ ಗುಂಪು ಏನೂ ಚುಚ್ಚದ ಇಲಿಗಳಷ್ಟು ಚುರುಕಾಗಿರಲಿಲ್ಲ. ಆದರೆ ಬರೀ ಸ್ಕೊಪೊಲಮಿನ್ ಪಡೆದವಕ್ಕಿಂತ ಬೇಗ ಮಣೆಯನ್ನು ಕಂಡುಕೊಂಡಿತ್ತು. ಪತ್ರ ಹರಿಯುವ ಕಿಣ್ವದ ಆರ್ಭಟ ಅವುಗಳಲ್ಲಿ ತಗ್ಗಿತ್ತು. ಕಮಟು ಹಿಡಿದುದರ ಗುರುತೂ ಕಡಿಮೆ. ಗ್ಲುಟಥಯೋನ್ ಮೊದಲಾದ ಕಾವಲುಗಾರರು ಹೆಚ್ಚು. ಪುಟ್ಟಿ ಸಂಭ್ರಮದಿಂದ "ಬ್ರಾಹ್ಮಿ ಮರೆವನ್ನು ಗುಣಪಡಿಸುತ್ತದೆ ಎಂದು ಸಾಬೀತಾಗಿದೆ" ಎಂದು ಬರೆದು ಕೊಟ್ಟಳು.

ಮೇಡಂ ಕೆಂಪು ಪೆನ್ನು ತೆಗೆದರು. "ಬ್ರಾಹ್ಮಿ ಅಲ್ಲ, ಈ ಸಾರ. ಮರೆವು ಅಲ್ಲ, ಮದ್ದು ಚುಚ್ಚಿ ಬರಿಸಿದ ಮರೆವು. ಗುಣ ಅಲ್ಲ, ಭಾಗಶಃ ತಡೆ. ಯಾರಲ್ಲಿ? ಇಲಿಗಳಲ್ಲಿ. ಸಾಬೀತು? ಅದಂತೂ ಬೇಡವೇ ಬೇಡ, ಸೂಚಿಸುತ್ತದೆ ಅಂತ ಬರಿ."

"ಇಷ್ಟು ಕತ್ತರಿಸಿದ್ರೆ ಏನು ಉಳೀತು ಮೇಡಂ?"

"ನಿಜ ಉಳೀತು. ಅಪ್ಪ ಹೇಗಿದಾರೆ?"

"ಬಾಯಿ ಒಣಗೋದು ಹೋಗಿದೆ ಮೇಡಂ. ಕನ್ನಡಕ ಕಳೆಯೋದು ಕಡಿಮೆ. ಅಂಗಡಿಯಿಂದ ಹೇಳಿದ್ದನ್ನೇ ತರ್ತಿದಾರೆ."

"ಒಳ್ಳೇದು. ಆದ್ರೆ ಒಬ್ಬ ಅಪ್ಪನ್ನ ನೋಡಿ ಏನೂ ಹೇಳೋಕಾಗಲ್ಲ," ಎಂದು ಮೇಡಂ ನಕ್ಕರು. "ಸಂತೋಷ ಪಡೋಕೆ ಮಾತ್ರ ಒಬ್ಬರು ಸಾಕು."

ಹಾಡು ಮಾತ್ರ ಬಂದಿರಲಿಲ್ಲ. ಪ್ರತಿ ಬೆಳಗ್ಗೆ ಅಪ್ಪ ಅದೇ "ಬಾಗಿಲು" ಎಂಬಲ್ಲಿ ನಿಲ್ಲುತ್ತಿದ್ದರು. ಪುಟ್ಟಿ ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಿದ್ದಳು. 

ಒಂದು ಭಾನುವಾರ ಅವಳು ತಾನಾಗಿಯೇ ಬೇಗ ಎದ್ದು, ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಹೊರಗೆ ಬೀದಿ ಇನ್ನೂ ನಿದ್ದೆಯಲ್ಲಿತ್ತು. ಅಪ್ಪ ಪಟದ ಮುಂದೆ ಕೂತು ಹಾಡುತ್ತಿದ್ದರು. ನಾಲಿಗೆ ಈಗ ಅಂಟುತ್ತಿರಲಿಲ್ಲ, ದನಿ ತಿಳಿಯಾಗಿತ್ತು. "ನಿನ್ನ ಬೆಳಕಲಿ ನನ್ನ ಬಾಗಿಲು..."

ನಿಂತಿತು. ಪುಟ್ಟಿ ಕಾದಳು. ಅಪ್ಪ ಕಣ್ಣು ಮುಚ್ಚಿ ಕೂತೇ ಇದ್ದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಅವಳು ಓಡಿ ಬಂದು ನೋಡಿದರೆ ಅವರು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಇಲ್ಲವೇ ಇಲ್ಲ ಪುಟ್ಟಿ! ಮುಂದಿನದು ಇಲ್ಲವೇ ಇಲ್ಲ!"

"ಏನಪ್ಪಾ?"

"ಅವಳು ಇದನ್ನ ಮುಗಿಸಿದ್ದೇ ಇಲ್ಲ ಕಣೇ! ಹಾಲು ನೋಡ್ಕೊಳ್ಳಿ ಅಂತ ನನ್ನನ್ನ ಒಲೆ ಮುಂದೆ ನಿಲ್ಲಿಸ್ತಿದ್ಲು. ನಾನು ಅವಳ ಹಾಡು ಕೇಳ್ತಾ ಹಾಲು ಮರೀತಿದ್ದೆ. ದಿನಾ! ಸರಿಯಾಗಿ ಈ 'ಬಾಗಿಲು' ಅನ್ನೋ ಹೊತ್ತಿಗೆ ಉಕ್ಕೋದು. ಅಲ್ಲಿಗೆ ದೇವರನ್ನ ಬಿಟ್ಟು ನನ್ನ ಕಡೆ ತಿರುಗೋಳು. 'ರೀ, ಹಾಲು! ಎಲ್ಲಿದೆ ನಿಮ್ಮ ಗ್ಯಾನ?' ಮದುವೆಯಾದಾಗಿಂದ ಅಷ್ಟೇ. ನಾನು ಇಲ್ಲದೇ ಇರೋದನ್ನ ಹುಡುಕ್ತಿದ್ದೆ, ಇದ್ದಿದ್ದು ಇದು. 'ರೀ, ಹಾಲು!' ಈಗ ಕೇಳಿಸ್ತು. ಅವಳ ದನೀಲೇ ಕೇಳಿಸ್ತು."

ಅವರು ಪಟದ ಕಡೆ ತಿರುಗಿ ಕೈಮುಗಿದರು. ಒಂದು ಸಲ ಗಂಟಲು ಸರಿಮಾಡಿಕೊಂಡು, ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಪುಟ್ಟಿ ಪಕ್ಕದಲ್ಲಿ ಕೂತು ಅವರ ಹಿಂದೆಯೇ ಒಂದೊಂದು ಸಾಲನ್ನೂ ಹಾಡುತ್ತ ಬಂದಳು. "ಬಾಗಿಲು" ಎಂಬಲ್ಲಿಗೆ ಇಬ್ಬರೂ ಒಟ್ಟಿಗೆ ನಿಂತರು.

ಅಡುಗೆಮನೆಯಿಂದ ಚುಯ್ ಎಂಬ ಸದ್ದು ಬಂತು. ಅದರ ಹಿಂದೆಯೇ ಸೀದ ವಾಸನೆ.

"ಪುಟ್ಟಿ, ಹಾಲು!" ಎಂದರು ಅಪ್ಪ. "ಎಲ್ಲಿದೆ ನಿನ್ನ ಗ್ಯಾನ?"